ಮಣ್ಣಿನಲ್ಲಿ ಸಾರಜನಕ ಕಡಿಮೆ, ಆದರೂ ಯೂರಿಯಾ ಕಡಿಮೆ ಹಾಕಿ: ಪರೀಕ್ಷಾ ವರದಿ ನಿಜವಾಗಿ ಹೇಳುವುದೇನು?

2025ರ ಮುಂಗಾರಿನಲ್ಲಿ ರಾಜ್ಯದ ಹಲವು ಕಡೆ ಯೂರಿಯಾಕ್ಕೆ ಸಾಲು ನಿಲ್ಲಬೇಕಾಯಿತು. ಆಗ ಎರಡು ಮಾತು ಒಟ್ಟಿಗೆ ಕೇಳಿಬಂದವು. ರೈತರು ಯೂರಿಯಾ ಅತಿಯಾಗಿ ಸುರಿಯುತ್ತಿದ್ದಾರೆ, ಕಡಿಮೆ ಮಾಡಬೇಕು ಎನ್ನುವುದು ಒಂದು. ಗೊಬ್ಬರ ಹಾಕುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎನ್ನುವುದು ಇನ್ನೊಂದು. ಸರಿ ಎಂದು ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಣ್ಣ ರೈತ ತನ್ನ ಮಣ್ಣು ಆರೋಗ್ಯ ಚೀಟಿ ತೆಗೆದು ನೋಡಿದರೆ, ಸಾರಜನಕದ ಮುಂದೆ ಬಹುಪಾಲು ಒಂದೇ ಪದ ಕಾಣುತ್ತದೆ: ಕಡಿಮೆ.

ಗೊಂದಲ ಶುರುವಾಗುವುದು ಇಲ್ಲೇ. ಇಷ್ಟು ವರ್ಷ ಜಾಸ್ತಿ ಹಾಕಿದ್ದು ನಿಜವಾದರೆ ಮಣ್ಣಿನಲ್ಲಿ ಕಡಿಮೆ ಏಕಿದೆ? ಮಣ್ಣಿನಲ್ಲಿ ಕಡಿಮೆ ಇರುವುದು ನಿಜವಾದರೆ ಹಾಕಬೇಡಿ ಅಂತ ಏಕೆ ಹೇಳುತ್ತಾರೆ? ಎರಡರಲ್ಲಿ ಒಂದು ಸುಳ್ಳಿರಬೇಕು ಅನಿಸುವುದು ಸಹಜ. ಆದರೆ ಎರಡೂ ನಿಜ. ಅದು ಹೇಗೆ ಎಂದು ತಿಳಿಯಲು ವರದಿಯ ಮೂರು ನಾಲ್ಕು ಸಾಲುಗಳನ್ನು ನಿಧಾನವಾಗಿ ಓದಬೇಕು.

ಒಂದು ಎಕರೆಯ ವರದಿ

ಉದಾಹರಣೆಗೆ ಕೋಲಾರ ತಾಲ್ಲೂಕಿನ ಒಂದು ಎಕರೆ ಕೆಂಪು ಮಣ್ಣಿನ ಹೊಲ ಇಟ್ಟುಕೊಳ್ಳೋಣ. ನಾಲ್ಕೈದು ವರ್ಷ ಬೋರ್‌ವೆಲ್ ನೀರಿನಲ್ಲಿ ಟೊಮೆಟೊ ಬೆಳೆದಿದ್ದಾರೆ. ಈಗ ನೀರು ಸಾಲುತ್ತಿಲ್ಲ. ಹಾಗಾಗಿ ಮಳೆಯನ್ನೇ ನಂಬಿ ರಾಗಿ ಬಿತ್ತಬೇಕೆಂದಿದ್ದಾರೆ. ವರದಿಯಲ್ಲಿ ಹೀಗಿದೆ ಎನ್ನೋಣ: ರಸಸಾರ, ಅಂದರೆ ಪಿಎಚ್, 5.8. ಸಾವಯವ ಇಂಗಾಲ ಶೇಕಡ 0.41. ಲಭ್ಯ ಸಾರಜನಕ ಹೆಕ್ಟೇರಿಗೆ 213 ಕೆಜಿ. ರಂಜಕ 42. ಪೊಟ್ಯಾಷ್ 178. ಗಂಧಕ 8 ಪಿಪಿಎಂ, ಸತು 0.9, ಬೋರಾನ್ 0.32.

ಅಂಕಿಗಳು ಕಲ್ಪಿತ. ಆದರೆ ಈ ಭಾಗದಲ್ಲಿ ತರಕಾರಿ ಬೆಳೆದ ಕೆಂಪು ಮಣ್ಣಿಗೆ ಹೊಸದೇನೂ ಅಲ್ಲ. ಇಂಗಾಲ, ಸಾರಜನಕ ಕೆಳಗೆ. ರಂಜಕ ಮೇಲೆ. ಗಂಧಕ, ಬೋರಾನ್ ಕೊರತೆ. 2009ರಲ್ಲಿ ಶುರುವಾದ ಭೂಚೇತನ ಯೋಜನೆಯಲ್ಲೂ ರಾಜ್ಯದ ಮಳೆ ಆಶ್ರಿತ ಹೊಲಗಳಲ್ಲಿ ಎದ್ದು ಕಂಡಿದ್ದು ಗಂಧಕ, ಬೋರಾನ್ ಮತ್ತು ಸತುವಿನ ಕೊರತೆಯೇ.

ಓದುವ ಮೊದಲು ಒಂದು ಲೆಕ್ಕ ತಲೆಯಲ್ಲಿರಲಿ. ಸಾರಜನಕ, ರಂಜಕ, ಪೊಟ್ಯಾಷ್ ಅಂಕಿಗಳನ್ನು ಹೆಕ್ಟೇರಿಗೆ ಕೊಟ್ಟಿರುತ್ತಾರೆ. ಎಕರೆಗೆ ಬೇಕೆಂದರೆ ಎರಡೂವರೆಯಿಂದ ಭಾಗಿಸಿ. ಇದೂ ಮೇಲಿನ 15 ಸೆಂಟಿಮೀಟರ್ ಮಣ್ಣಿನ ಲೆಕ್ಕ ಮಾತ್ರ. ಒಂದು ಎಕರೆಯಲ್ಲಿ ಅಷ್ಟು ಆಳದ ಮಣ್ಣು ತೂಗಿದರೆ ಸುಮಾರು 9 ಲಕ್ಷ ಕೆಜಿ ಆಗುತ್ತದೆ. ಈ 9 ಲಕ್ಷ ಮುಂದೆ ಮತ್ತೆ ಬರುತ್ತದೆ.

213 ಇದ್ದರೂ ಕಡಿಮೆ ಅಂದರೆ ಹೇಗೆ?

ಸಾರಜನಕ 280ಕ್ಕಿಂತ ಕೆಳಗಿದ್ದರೆ ಕಡಿಮೆ, 280ರಿಂದ 560ರವರೆಗೆ ಮಧ್ಯಮ, ಅದಕ್ಕಿಂತ ಮೇಲಿದ್ದರೆ ಜಾಸ್ತಿ. ನಮ್ಮ ಹೊಲದ್ದು 213. ಎಕರೆಗೆ ಇಳಿಸಿದರೆ 85 ಕೆಜಿ. ಮಳೆ ಆಶ್ರಿತ ರಾಗಿಗೆ ಕೃಷಿ ವಿಶ್ವವಿದ್ಯಾಲಯ ಶಿಫಾರಸು ಮಾಡುವ ಸಾರಜನಕವೇ ಎಕರೆಗೆ 20 ಕೆಜಿ. 85 ಇರುವಾಗ 20 ಏಕೆ ಹಾಕಬೇಕು?

ಏಕೆಂದರೆ ಆ 85 ಬ್ಯಾಂಕಿನಲ್ಲಿಟ್ಟ ದುಡ್ಡಲ್ಲ, ಬೇಕೆಂದಾಗ ತೆಗೆಯಲು ಆಗುವುದಿಲ್ಲ. ಲ್ಯಾಬಿನಲ್ಲಿ ಮಣ್ಣನ್ನು ಕ್ಷಾರದ ದ್ರಾವಣದಲ್ಲಿ ಕುದಿಸಿ, ಸುಲಭವಾಗಿ ಬಿಟ್ಟುಕೊಡಬಲ್ಲ ಸಾರಜನಕವನ್ನು ಅಳೆಯುತ್ತಾರೆ. ಹೊಲದಲ್ಲಿ ಯಾರೂ ಮಣ್ಣನ್ನು ಕುದಿಸುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಸೂಕ್ಷ್ಮಜೀವಿಗಳು. ಅವು ತೇವ ಇದ್ದಷ್ಟು ದಿನ ಮಾತ್ರ ಕೊಳೆತ ವಸ್ತುವನ್ನು ಒಡೆದು ಸಾರಜನಕ ಬಿಡುತ್ತವೆ. ಹಾಗಾಗಿ 213 ಎನ್ನುವುದು ಬೆಳೆಗೆ ಸಿಗುವ ಕಿಲೋ ಲೆಕ್ಕವಲ್ಲ. ಒಂದು ಮಣ್ಣನ್ನು ಇನ್ನೊಂದು ಮಣ್ಣಿನ ಪಕ್ಕ ನಿಲ್ಲಿಸಿ ಅಳೆಯುವ ಕೋಲು, ಅಷ್ಟೇ.

ನಿಜವಾಗಿ ಎಷ್ಟು ಸಿಗಬಹುದು ಎನ್ನುವುದನ್ನು ಸಾವಯವ ಇಂಗಾಲದಿಂದ ಅಂದಾಜು ಮಾಡಬಹುದು. ಎಕರೆಯ 9 ಲಕ್ಷ ಕೆಜಿ ಮಣ್ಣಿನಲ್ಲಿ ಶೇಕಡ 0.41 ಅಂದರೆ ಸುಮಾರು 3,700 ಕೆಜಿ ಇಂಗಾಲ. ಮಣ್ಣಿನ ಸಾವಯವ ವಸ್ತುವಿನಲ್ಲಿ ಹತ್ತು ಪಾಲು ಇಂಗಾಲಕ್ಕೆ ಹತ್ತಿರ ಹತ್ತಿರ ಒಂದು ಪಾಲು ಸಾರಜನಕ ಇರುತ್ತದೆ. ಅಂದರೆ 370 ಕೆಜಿ. ಇದರಲ್ಲಿ ವರ್ಷಕ್ಕೆ ನೂರಕ್ಕೆ ಎರಡು ಮೂರು ಪಾಲು ಬಿಡುಗಡೆಯಾದರೆ ಬೆಳೆಗೆ ಬರುವುದು ಸುಮಾರು 7ರಿಂದ 11 ಕೆಜಿ. ಇದು ಒರಟು ಲೆಕ್ಕ. ಆದರೂ ‘ಕಡಿಮೆ’ ಎನ್ನುವ ಪದದ ಅರ್ಥ ಇದರಲ್ಲಿ ಸಿಗುತ್ತದೆ. ಈ ಮಣ್ಣು ತನ್ನ ಕೈಯಿಂದ ರಾಗಿಗೆ ಕೊಡುವುದು ಬಹಳ ಸ್ವಲ್ಪ.

ಹಿಂದೆ ಹಾಕಿದ ಯೂರಿಯಾ ಎಲ್ಲಿ ಹೋಯಿತು ಎಂದು ಕೇಳಬಹುದು. ಅದು ಉಳಿಯುವ ಜಾತಿಯದಲ್ಲ. ಒಂದಿಷ್ಟು ಬೆಳೆ ತಿಂದಿತು. ಒಣ ಮಣ್ಣಿನ ಮೇಲೆ ಎರಚಿದ್ದು ಅಮೋನಿಯಾ ಆಗಿ ಗಾಳಿಗೆ ಹೋಯಿತು. ಉಳಿದದ್ದು ನೈಟ್ರೇಟ್ ಆಗಿ ನೀರಿನ ಜೊತೆ ಕೆಳಗಿಳಿಯಿತು. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಇಳಿಯುವುದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕೋಲಾರ ಭಾಗದ ಬೋರ್‌ವೆಲ್ ನೀರಿನ ವರದಿಗಳಲ್ಲಿ ನೈಟ್ರೇಟ್ ಪ್ರಸ್ತಾಪ ಬರುವುದಕ್ಕೆ ಇದೂ ಒಂದು ಕಾರಣ. ಹತ್ತು ವರ್ಷ ಯೂರಿಯಾ ಹಾಕಿದ ಹೊಲದಲ್ಲೂ ಸಾರಜನಕ ಕಡಿಮೆ ಎಂದು ಬರುವುದು ಆಶ್ಚರ್ಯದ ಸಂಗತಿಯಲ್ಲ. ತೂತಿನ ಬಿಂದಿಗೆಗೆ ಎಷ್ಟು ನೀರು ಹುಯ್ದರೂ ಮಟ್ಟ ಏರುವುದಿಲ್ಲ, ಅಲ್ವಾ? ಬಿಂದಿಗೆಯ ತೂತು ಮುಚ್ಚುವ ಕೆಲಸ ಮಾಡುವುದು ಸಾವಯವ ಇಂಗಾಲ.

ಇಂಗಾಲದ ಸಾಲು: ನಿಧಾನವಾಗಿ ಕದಲುವ ಅಂಕಿ

ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕೆಳಗೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರ ಮೇಲೆ ಜಾಸ್ತಿ. ಅಳೆಯುವ ಬಗೆ ಗೊತ್ತಿದ್ದರೆ ಅಂಕಿಯನ್ನು ಎಷ್ಟು ನಂಬಬೇಕು ಎನ್ನುವುದೂ ಗೊತ್ತಾಗುತ್ತದೆ. ಜರಡಿ ಹಿಡಿದ ಮಣ್ಣಿನ ಪುಡಿ, ಒಂದು ಗ್ರಾಂ ಆಸುಪಾಸು, ಶಂಕುವಿನ ಆಕಾರದ ಗಾಜಿನ ಪಾತ್ರೆಗೆ ಬೀಳುತ್ತದೆ. ಅದಕ್ಕೆ ಕಿತ್ತಳೆ ಬಣ್ಣದ ಡೈಕ್ರೋಮೇಟ್ ದ್ರಾವಣ, ಗಂಧಕಾಮ್ಲ. ಪಾತ್ರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಅರ್ಧ ಗಂಟೆ ಬಿಟ್ಟು, ಇನ್ನೊಂದು ದ್ರಾವಣವನ್ನು ಹನಿ ಹನಿಯಾಗಿ ಬಿಡುತ್ತಾ ಬಣ್ಣ ಹಸಿರಾಗುವ ಗಳಿಗೆಗೆ ಕಾಯುತ್ತಾರೆ. ಎಷ್ಟು ಹನಿ ಹಿಡಿಯಿತು ಎನ್ನುವುದೇ ಲೆಕ್ಕ. 9 ಲಕ್ಷ ಕೆಜಿ ಮಣ್ಣಿನ ಪರವಾಗಿ ಸಾಕ್ಷಿ ಹೇಳುವುದು ಆ ಒಂದು ಗ್ರಾಂ. ಎರಡು ಹನಿ ಆಚೀಚೆ ಆದರೂ ಅಂಕಿ ಸ್ವಲ್ಪ ಕದಲುತ್ತದೆ.

ಈಗ ಇದನ್ನು ಏರಿಸುವುದು ಎಷ್ಟು ಸುಲಭ ನೋಡೋಣ. ಎಕರೆಗೆ 3 ಟನ್ ಕೊಟ್ಟಿಗೆ ಗೊಬ್ಬರ ಹೊಡೆಸಿದರು ಎನ್ನಿ. ಅದರಲ್ಲಿ ಅರ್ಧ ನೀರು. ಒಣಗಿದ ಒಂದೂವರೆ ಟನ್‌ನಲ್ಲಿ ಇಂಗಾಲ 400 ಕೆಜಿ ಚಿಲ್ಲರೆ. ನಮ್ಮ ಬಿಸಿಲಿಗೆ ಅದರ ಬಹುಪಾಲು ಕೊಳೆತು ಗಾಳಿಗೆ ಹೋಗುತ್ತದೆ. ಐದರಲ್ಲಿ ಒಂದು ಪಾಲು ಮಣ್ಣಿನಲ್ಲಿ ನಿಂತರೂ 80 ಕೆಜಿ. ಶೇಕಡ 0.41ನ್ನು 0.51 ಮಾಡಲು ಬೇಕಾಗುವುದು 900 ಕೆಜಿ. ಅಂದರೆ ಪ್ರತಿ ವರ್ಷ ತಪ್ಪದೆ ಗೊಬ್ಬರ ಹೊಡೆದರೂ ಹನ್ನೊಂದು ವರ್ಷ. ಅದೂ ಈಗ ಇರುವ ಇಂಗಾಲ ಒಂದು ಚೂರೂ ಕರಗದೆ ಉಳಿದರೆ.

ಇದರಿಂದ ವರದಿ ಓದುವವರಿಗೆ ಒಂದು ಒಳ್ಳೆಯ ಹತಾರ ಸಿಗುತ್ತದೆ. ಹೋದ ವರ್ಷ 0.41, ಈ ವರ್ಷ 0.65 ಎಂದು ಬಂದರೆ ಖುಷಿಪಡುವಂಥದ್ದೇನಿಲ್ಲ. ಒಂದೇ ವರ್ಷದಲ್ಲಿ ಮಣ್ಣು ಹಾಗೆ ಬದಲಾಗುವುದಿಲ್ಲ. ಮಣ್ಣು ತೆಗೆದ ಜಾಗ ಬೇರೆ ಇರಬೇಕು, ಹಿಂದೆ ತಿಪ್ಪೆ ಇದ್ದ ಕಡೆ ಗುದ್ದಲಿ ಬಿದ್ದಿರಬೇಕು, ಇಲ್ಲವೇ ಎರಡರಲ್ಲಿ ಒಂದು ಪರೀಕ್ಷೆ ತಪ್ಪಿರಬೇಕು. ಯಾವುದೋ ದ್ರವದ ಬಾಟಲಿ ಮಾರುವವರು ‘ಒಂದೇ ಬೆಳೆಗೆ ಇಂಗಾಲ ಡಬಲ್’ ಎಂದರೆ, ಈ ಲೆಕ್ಕ ಅವರ ಮುಂದೆ ಹಾಕಬಹುದು.

ಇಂಗಾಲ ಮತ್ತು ಸಾರಜನಕದ ಸಾಲುಗಳ ಬಗ್ಗೆ ಇನ್ನೊಂದು ಮಾತು. ಕೆಲವು ಕಡೆ ಸಾರಜನಕವನ್ನು ಬೇರೆ ಪರೀಕ್ಷೆ ಮಾಡುವುದೇ ಇಲ್ಲ. ಇಂಗಾಲದ ಅಂಕಿಯನ್ನೇ ಗುಣಿಸಿ ಬರೆಯುತ್ತಾರೆ. ಊರಿನ ನಾಲ್ಕೈದು ಚೀಟಿ ಪಕ್ಕದಲ್ಲಿಟ್ಟು ಸಾರಜನಕವನ್ನು ಇಂಗಾಲದಿಂದ ಭಾಗಿಸಿ ನೋಡಿ. ಎಲ್ಲದರಲ್ಲೂ ಒಂದೇ ಉತ್ತರ ಬಂದರೆ ಅದು ಲೆಕ್ಕದ ಸಾರಜನಕ. ತಪ್ಪೆಂದಲ್ಲ. ಆದರೆ ಆಗ ಚೀಟಿಯಲ್ಲಿರುವುದು ಎರಡು ಸಂಗತಿಯಲ್ಲ, ಒಂದೇ ಸಂಗತಿ ಎರಡು ಹೆಸರಿನಲ್ಲಿ.

ರಂಜಕ 42: ಜಾಸ್ತಿಯೋ, ಮಧ್ಯಮವೋ?

ವರದಿಯಲ್ಲಿ ದುಡ್ಡು ಉಳಿಯುವ ಸಾಲು ಇದು. ಜನ ಎಡವುವುದೂ ಇಲ್ಲೇ.

ರಂಜಕವನ್ನು ಎರಡು ರೀತಿ ಬರೆಯುತ್ತಾರೆ. ಕೆಲವು ವರದಿಗಳಲ್ಲಿ ಬರೀ P, ಕೆಲವದರಲ್ಲಿ P2O5. ಗೊಬ್ಬರದ ಚೀಲದ ಮೇಲೆ, ಶಿಫಾರಸು ಪುಸ್ತಕದಲ್ಲಿ ಇರುವುದು P2O5. ಎರಡೂ ಒಂದೇ ರಂಜಕವನ್ನು ಹೇಳಿದರೂ ಅಳತೆ ಬೇರೆ. P ಅಂಕಿಯನ್ನು 2.29ರಿಂದ ಗುಣಿಸಿದರೆ P2O5. ಅಡಿಕೆಯನ್ನು ಸಿಪ್ಪೆ ಸಮೇತ ತೂಗುವುದಕ್ಕೂ ಸುಲಿದು ತೂಗುವುದಕ್ಕೂ ಇರುವಂಥ ವ್ಯತ್ಯಾಸ ಇದು.

ಈಗ ನಮ್ಮ 42 ತೆಗೆದುಕೊಳ್ಳಿ. ತಲೆಬರಹದಲ್ಲಿ P2O5 ಎಂದಿದ್ದರೆ ಮಿತಿಗಳು 23 ಮತ್ತು 57ರ ಹತ್ತಿರ. ಆಗ 42 ಮಧ್ಯಮ, ಮಾಮೂಲಿ ಪ್ರಮಾಣ ಹಾಕಬೇಕು. ತಲೆಬರಹದಲ್ಲಿ P ಎಂದಿದ್ದರೆ ಮಿತಿಗಳು 10 ಮತ್ತು 25ರ ಹತ್ತಿರ. ಆಗ 42 ಅಂದರೆ 96 ಕೆಜಿ P2O5. ಜಾಸ್ತಿ ಎನ್ನುವ ಗೆರೆಗಿಂತ ಬಹಳ ಮೇಲೆ. ಒಂದು ಅಕ್ಷರ ಗಮನಿಸದಿದ್ದರೆ ರಂಜಕ ತುಂಬಿ ತುಳುಕುವ ಹೊಲಕ್ಕೆ ಮತ್ತೆ ಪೂರ್ತಿ ಡಿಎಪಿ ಬೀಳುತ್ತದೆ. ನಮ್ಮ ವರದಿಯಲ್ಲಿ ಇರುವುದು P. ಪೊಟ್ಯಾಷಿಗೂ ಇದೇ ತೊಂದರೆ ಇದೆ. ಅಲ್ಲಿ ವ್ಯತ್ಯಾಸ 1.2 ಪಟ್ಟು ಮಾತ್ರ, ಹಾಗಾಗಿ ಅಷ್ಟು ಪೆಟ್ಟು ಬೀಳುವುದಿಲ್ಲ. ನಮ್ಮ 178 ಯಾವ ಲೆಕ್ಕದಲ್ಲೂ ಮಧ್ಯಮವೇ.

ರಂಜಕ ಇಷ್ಟು ಏರಿದ್ದು ಹೇಗೆ? ಟೊಮೆಟೊಗೆ ಬುಡಕ್ಕೆ ಡಿಎಪಿ, ಜೊತೆಗೆ ಕೋಳಿ ಗೊಬ್ಬರ, ಆಮೇಲೆ ಡ್ರಿಪ್ಪಿನಲ್ಲಿ 19:19:19 ಮತ್ತು 12:61:0. ಎಲ್ಲದರಲ್ಲೂ ರಂಜಕ. ಯೂರಿಯಾದ ಹಾಗೆ ಇದು ಹಾರಿಹೋಗುವುದಿಲ್ಲ, ತೊಳೆದೂ ಹೋಗುವುದಿಲ್ಲ. ಹಾಕಿದ ಜಾಗದಲ್ಲೇ ಮಣ್ಣಿನ ಕಬ್ಬಿಣ, ಅಲ್ಯುಮಿನಿಯಂ ಜೊತೆ ಅಂಟಿಕೊಳ್ಳುತ್ತದೆ. ಬೆಳೆ ತೆಗೆದುಕೊಂಡು ಮಿಕ್ಕಿದ್ದು ವರ್ಷ ವರ್ಷ ಕೂಡುತ್ತದೆ. ಸಾರಜನಕಕ್ಕೂ ರಂಜಕಕ್ಕೂ ಇರುವ ಈ ಸ್ವಭಾವದ ಅಂತರ ಮರೆತರೆ ವರದಿ ಅರ್ಥವಾಗುವುದಿಲ್ಲ. ಸಾರಜನಕದ ಸಾಲು ಮಣ್ಣಿನ ಶಕ್ತಿ ಎಷ್ಟು ಎನ್ನುತ್ತದೆ. ರಂಜಕದ ಸಾಲು ನೀವು ಇದುವರೆಗೆ ಏನೇನು ಹಾಕಿದ್ದೀರಿ ಎನ್ನುವುದರ ಖಾತೆ ಪುಸ್ತಕ.

ಜಾಸ್ತಿ ಇದ್ದರೆ ಇರಲಿ ಬಿಡಿ ಎನ್ನುವಂತೆಯೂ ಇಲ್ಲ. ರಂಜಕ ಅತಿಯಾದರೆ ಗಿಡಕ್ಕೆ ಸತು ಸಿಗುವುದು ಕಷ್ಟವಾಗುತ್ತದೆ. ನಮ್ಮ ವರದಿಯಲ್ಲಿ ಸತು 0.9 ಇದೆ, ಕೊರತೆಯ ಗೆರೆ 0.6. ಸದ್ಯಕ್ಕೆ ಪರವಾಗಿಲ್ಲ, ಝಿಂಕ್ ಸಲ್ಫೇಟಿಗೆ ದುಡ್ಡು ಹಾಕಬೇಕಿಲ್ಲ.

5.8ಕ್ಕೆ ಸುಣ್ಣ ಬೇಕೇ?

ಪಿಎಚ್ 7 ಅಂದರೆ ಸಮ. ಕೆಳಗೆ ಹೋದಷ್ಟೂ ಹುಳಿ, ಮೇಲೆ ಹೋದಷ್ಟೂ ಕ್ಷಾರ. ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ. ಹಾಗಾಗಿ 5.8ಕ್ಕೂ 4.8ಕ್ಕೂ ಅಜಗಜಾಂತರ. ರಾಗಿ 5.8ರಲ್ಲಿ ಚೆನ್ನಾಗಿಯೇ ಬರುತ್ತದೆ. ಸುಣ್ಣದ ಯೋಚನೆ ಮಾಡಬೇಕಾದ್ದು ಸಾಮಾನ್ಯವಾಗಿ 5.5ಕ್ಕಿಂತ ಕೆಳಗಿಳಿದಾಗ. ಎಷ್ಟು ಸುಣ್ಣ ಎನ್ನುವುದು ಪಿಎಚ್ ಅಂಕಿಯಿಂದ ಗೊತ್ತಾಗುವುದಿಲ್ಲ. ಒಂದೇ ಪಿಎಚ್ ಇರುವ ಮರಳು ಮಣ್ಣಿಗೆ ಕಡಿಮೆ ಸಾಕು, ಜೇಡಿ ಮಣ್ಣಿಗೆ ಅದರ ಎರಡು ಮೂರು ಪಟ್ಟು ಬೇಕಾಗಬಹುದು. ಅದಕ್ಕೆ ಸುಣ್ಣದ ಅಗತ್ಯ ಎನ್ನುವ ಬೇರೆಯದೇ ಪರೀಕ್ಷೆ ಇದೆ, ಕೇಳಿ ಮಾಡಿಸಬೇಕು. ಯೂರಿಯಾ, ಡಿಎಪಿ ಎರಡೂ ಮಣ್ಣನ್ನು ನಿಧಾನವಾಗಿ ಹುಳಿಯ ಕಡೆ ಎಳೆಯುತ್ತವೆ ಎನ್ನುವುದಷ್ಟು ನೆನಪಿರಲಿ.

ಯಾರು ಏನು ಹೇಳುತ್ತಾರೆ

ಇಲಾಖೆಯವರ ವಾದ ಸರಳ: ಚೀಟಿಯಂತೆ ಹಾಕಿ, ಗೊಬ್ಬರ ಉಳಿಯುತ್ತದೆ. ರೈತರ ಅನುಮಾನವೂ ಸರಳ: ಚೀಟಿಯಲ್ಲಿರುವುದು ನನ್ನ ಹೊಲದ ಮಣ್ಣೇ ಅಲ್ಲ. ಈ ಅನುಮಾನದಲ್ಲಿ ಹುರುಳಿದೆ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿ ಯೋಜನೆಯಲ್ಲಿ ನೀರಾವರಿ ಜಮೀನಾದರೆ ಎರಡೂವರೆ ಹೆಕ್ಟೇರಿಗೆ, ಮಳೆ ಆಶ್ರಿತವಾದರೆ 10 ಹೆಕ್ಟೇರಿಗೆ ಒಂದು ಮಾದರಿ ತೆಗೆಯುವ ಲೆಕ್ಕ ಇಟ್ಟಿದ್ದರು. 10 ಹೆಕ್ಟೇರ್ ಅಂದರೆ 25 ಎಕರೆ. ಅಷ್ಟರಲ್ಲಿ ಹತ್ತು ಹದಿನೈದು ಮನೆಯವರ ತುಂಡುಗಳಿರುತ್ತವೆ. ಒಬ್ಬರದು ಟೊಮೆಟೊ ಬೆಳೆದ ಹೊಲ, ಇನ್ನೊಬ್ಬರದು ಬೀಳು ಬಿದ್ದ ಜಮೀನು. ಇಬ್ಬರಿಗೂ ಒಂದೇ ಅಂಕಿ. ಪಕ್ಕದ ಹೊಲದವರ ಚೀಟಿಯಲ್ಲೂ ಎಲ್ಲ ಅಂಕಿ ದಶಮಾಂಶದವರೆಗೆ ಒಂದೇ ಇದ್ದರೆ ಅದು ಸಾಮೂಹಿಕ ಮಾದರಿ ಎಂದು ತಿಳಿಯಿರಿ. ಪಿಎಚ್, ಇಂಗಾಲ ಇವುಗಳಿಗೆ ಅದು ಒಂದು ಅಂದಾಜು ಕೊಡಬಹುದು. ರಂಜಕಕ್ಕೆ ಖಂಡಿತ ಆಗುವುದಿಲ್ಲ, ಅದು ಹೊಲದಿಂದ ಹೊಲಕ್ಕೆ ಬೇರೆ.

ನೈಸರ್ಗಿಕ ಕೃಷಿಯವರು ಇಂಗಾಲದ ಸಾಲೊಂದನ್ನು ಸರಿಮಾಡಿ, ಉಳಿದದ್ದು ತಾನೇ ಸರಿಹೋಗುತ್ತದೆ ಎನ್ನುತ್ತಾರೆ. ದಿಕ್ಕು ಸರಿ. ಆದರೆ ಮೇಲಿನ ಲೆಕ್ಕ ನೋಡಿದರೆ 0.41 ಇರುವ ಮಣ್ಣು ಕೊಡುವುದು ಎಕರೆಗೆ ಹತ್ತು ಕೆಜಿ ಸಾರಜನಕದ ಹತ್ತಿರ. ಮೂರು ಟನ್ ಕೊಟ್ಟಿಗೆ ಗೊಬ್ಬರ ಮೊದಲ ವರ್ಷ ಇನ್ನೊಂದು ಐದು ಕೆಜಿ ಸೇರಿಸಬಹುದು. ಯೂರಿಯಾವನ್ನು ಒಂದೇ ಏಟಿಗೆ ನಿಲ್ಲಿಸಿದರೆ ಇಳುವರಿ ಕುಸಿಯುತ್ತದೆ, ಆ ನಷ್ಟ ತಡೆಯುವ ಶಕ್ತಿ ಒಂದು ಎಕರೆಯವನಿಗೆ ಇರುವುದಿಲ್ಲ. ರಾಗಿಯ ಜೊತೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ ಹಾಕುವ ಹಳೆಯ ರೂಢಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಕಾಳಿನ ಗಿಡ ತನ್ನ ಸಾರಜನಕದ ಬಹುಪಾಲನ್ನು ಗಾಳಿಯಿಂದ ತಾನೇ ಮಾಡಿಕೊಳ್ಳುತ್ತದೆ, ಉದುರಿದ ಎಲೆ ಮಣ್ಣಿಗೆ ಸೇರುತ್ತದೆ.

ಇನ್ನು ಗೊಬ್ಬರದ ಅಂಗಡಿ. ಅಲ್ಲಿ ವರದಿಯನ್ನು ಓದುವ ಹೊತ್ತಿಗೆ ‘ಕಡಿಮೆ’ ಎನ್ನುವ ಪದಗಳು ಮಾತ್ರ ಕಾಣುತ್ತವೆ, ‘ಜಾಸ್ತಿ’ ಎನ್ನುವುದು ಕಾಣುವುದಿಲ್ಲ.

ಚೀಲದ ಲೆಕ್ಕ

ಮಳೆ ಆಶ್ರಿತ ರಾಗಿಗೆ ಶಿಫಾರಸು ಎಕರೆಗೆ ಸಾರಜನಕ 20, ರಂಜಕ 16, ಪೊಟ್ಯಾಷ್ 15 ಕೆಜಿ. ಇದು ಮಣ್ಣು ಮಧ್ಯಮ ಎಂದುಕೊಂಡು ಕೊಟ್ಟದ್ದು. ವರದಿಯಲ್ಲಿ ಕಡಿಮೆ ಎಂದಿದ್ದರೆ ಸಾಮಾನ್ಯವಾಗಿ ಕಾಲು ಭಾಗ ಏರಿಸುತ್ತಾರೆ, ಜಾಸ್ತಿ ಎಂದಿದ್ದರೆ ಕಾಲು ಭಾಗ ಇಳಿಸುತ್ತಾರೆ. ನಮ್ಮ ಹೊಲಕ್ಕೆ ಸಾರಜನಕ 25, ರಂಜಕ 12, ಪೊಟ್ಯಾಷ್ 15 ಆಯಿತು.

ಈಗ ರೂಢಿಯಲ್ಲಿರುವುದನ್ನು ನೋಡಿ. ಬಿತ್ತುವಾಗ ಒಂದು ಚೀಲ ಡಿಎಪಿ, ಆಮೇಲೆ ಮಳೆ ಬಂದಾಗ ಒಂದು ಚೀಲ ಯೂರಿಯಾ. 50 ಕೆಜಿ ಡಿಎಪಿಯಲ್ಲಿ ರಂಜಕ 23 ಕೆಜಿ, ಸಾರಜನಕ 9 ಕೆಜಿ. 45 ಕೆಜಿ ಯೂರಿಯಾದಲ್ಲಿ ಸಾರಜನಕ ಹತ್ತಿರ ಹತ್ತಿರ 21. ಒಟ್ಟು ಸಾರಜನಕ 30, ರಂಜಕ 23, ಪೊಟ್ಯಾಷ್ ಸೊನ್ನೆ.

ಮೊದಲ ಪ್ರಶ್ನೆಗೆ ಉತ್ತರ ಇಲ್ಲಿದೆ. ಮಣ್ಣಿನಲ್ಲಿ ಸಾರಜನಕ ಕಡಿಮೆ ಎಂದು ಒಪ್ಪಿ, ಕಾಲು ಭಾಗ ಏರಿಸಿದರೂ ಬೇಕಾದದ್ದು 25. ರೂಢಿಯಲ್ಲಿ ಬೀಳುತ್ತಿರುವುದು 30. ಅಂದರೆ ಮಣ್ಣಿನಲ್ಲಿ ಕಡಿಮೆ ಇರುವುದೂ ನಿಜ, ಹೊಲಕ್ಕೆ ಜಾಸ್ತಿ ಬೀಳುತ್ತಿರುವುದೂ ನಿಜ. ಡಿಎಪಿಯಲ್ಲೂ ಸಾರಜನಕ ಇದೆ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯದೆ ಇರುವುದರಿಂದ ಇದು ಕಣ್ಣಿಗೆ ಬೀಳುವುದಿಲ್ಲ. ಚೀಟಿ ನೋಡಿ ಇನ್ನೊಂದು ಚೀಲ ಯೂರಿಯಾ ಸೇರಿಸಿದರೆ ಸಾರಜನಕ 50ರ ಮೇಲೆ ಹೋಗುತ್ತದೆ. ಆಗ ರಾಗಿ ಕಡು ಹಸಿರಾಗಿ ಎತ್ತರ ಬೆಳೆಯುತ್ತದೆ, ತೆನೆ ಬಲಿಯುವ ಹೊತ್ತಿಗೆ ಒಂದು ಗಾಳಿ ಮಳೆಗೆ ಮಲಗುತ್ತದೆ. ಬೆಂಕಿ ರೋಗವೂ ಅಂಥ ಬೆಳೆಯನ್ನೇ ಹುಡುಕಿಕೊಂಡು ಬರುತ್ತದೆ.

ವರದಿಯಂತೆ ಹಾಕುವುದಾದರೆ ಅರ್ಧ ಚೀಲ ಡಿಎಪಿ, ಒಂದು ಚೀಲ ಯೂರಿಯಾ, ಅರ್ಧ ಚೀಲ ಪೊಟ್ಯಾಷ್. ಲೆಕ್ಕ ಸರಿಯಾಗಿ 25, 12, 15ರ ಹತ್ತಿರ ಕೂರುತ್ತದೆ. ಡಿಎಪಿ ಚೀಲದ ದರ 1,350 ರೂಪಾಯಿ, ಯೂರಿಯಾ 266.50 ಎಂದು ಹಿಡಿದರೆ ಡಿಎಪಿಯಲ್ಲಿ 675 ಉಳಿಯಿತು. ಅದನ್ನು ಪೊಟ್ಯಾಷಿಗೆ ಹಾಕಬಹುದು.

ಆದರೆ ನಮ್ಮ ವರದಿಯಲ್ಲಿ ಗಂಧಕ 8 ಇದೆ, 10ಕ್ಕಿಂತ ಕಡಿಮೆ. ಡಿಎಪಿಯಲ್ಲಿ ಗಂಧಕ ಇಲ್ಲ. ಸಿಂಗಲ್ ಸೂಪರ್ ಫಾಸ್ಫೇಟಿನಲ್ಲಿ ರಂಜಕ ಶೇಕಡ 16, ಜೊತೆಗೆ ಗಂಧಕ ಶೇಕಡ 11. ಒಂದೂವರೆ ಚೀಲ, ಅಂದರೆ 75 ಕೆಜಿ ಸೂಪರ್ ಹಾಕಿದರೆ ರಂಜಕ 12 ಕೆಜಿ ಬಂತು, ಗಂಧಕ 8 ಕೆಜಿ ಪುಕ್ಕಟೆ. ಈ ಹೊಲಕ್ಕೆ ಇದೇ ಒಳ್ಳೆಯ ಆಯ್ಕೆ. ಡಿಎಪಿ ಸಿಗದ ವರ್ಷ ಅದಕ್ಕಾಗಿ ಅಲೆಯುವುದೂ ತಪ್ಪುತ್ತದೆ. ಆಗ ಸಾರಜನಕ ಪೂರ್ತಿ ಯೂರಿಯಾದಿಂದಲೇ ಬರಬೇಕು, 54 ಕೆಜಿ. ಅರ್ಧ ಬಿತ್ತನೆಯ ಹೊತ್ತಿಗೆ, ಇನ್ನರ್ಧ ಸುಮಾರು ಒಂದು ತಿಂಗಳಿಗೆ ಕಳೆ ತೆಗೆದು ಹದ ಇರುವಾಗ. ಮಳೆ ಕೈಕೊಟ್ಟರೆ ಎರಡನೇ ಕಂತು ಚೀಲದಲ್ಲೇ ಇರಲಿ. ಒಣ ಹೊಲಕ್ಕೆ ಹಾಕಿದ ಯೂರಿಯಾ ಗಾಳಿಯ ಪಾಲು.

ಬೋರಾನ್ 0.32, ಗೆರೆ 0.5. ಎಕರೆಗೆ ಎರಡರಿಂದ ನಾಲ್ಕು ಕೆಜಿ ಬೋರಾಕ್ಸ್ ಸಾಕು, ಮಣ್ಣಿಗೆ ಅಥವಾ ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ ಹರಡಬೇಕು. ಇಲ್ಲಿ ಕೈ ಧಾರಾಳವಾದರೆ ಕಷ್ಟ. ಬೋರಾನ್ ಕೊರತೆಗೂ ವಿಷಕ್ಕೂ ನಡುವಿನ ದಾರಿ ಕಿರಿದು, ಪ್ರತಿ ವರ್ಷ ಹಾಕುವಂಥದ್ದಲ್ಲ.

ಅಂಕಿ ಕೆಡುವುದು ಹೊಲದಲ್ಲೇ

ಲ್ಯಾಬನ್ನು ಬೈಯುವ ಮೊದಲು ಮಣ್ಣು ತೆಗೆದದ್ದು ಹೇಗೆ ಎಂದು ನೋಡಬೇಕು. ಬದುವಿನ ಪಕ್ಕ, ಮರದ ಕೆಳಗೆ, ತಿಪ್ಪೆ ಇದ್ದ ಜಾಗ, ಡ್ರಿಪ್ ಪೈಪಿನ ಸಾಲು, ಇವೆಲ್ಲ ಬಿಡಬೇಕು. ಉಳಿದ ಹೊಲದಲ್ಲಿ ಅಡ್ಡಾದಿಡ್ಡಿ ನಡೆಯುತ್ತಾ ಹತ್ತು ಹದಿನೈದು ಕಡೆ ಮೇಲಿನ ಕಸ ಸರಿಸಿ, ಗುದ್ದಲಿಯಲ್ಲಿ ಒಂದು ಗೇಣಿಗಿಂತ ಕಡಿಮೆ ಆಳ, 15 ಸೆಂಟಿಮೀಟರ್, ಇಂಗ್ಲಿಷಿನ ವಿ ಆಕಾರದಲ್ಲಿ ಗುಂಡಿ ತೋಡಬೇಕು. ಗುಂಡಿಯಿಂದ ಬಂದ ಮಣ್ಣು ಬೇಡ. ಗುಂಡಿಯ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೆ ಒಂದು ಬೆರಳಿನ ದಪ್ಪ ಕೆತ್ತಿದ ಮಣ್ಣು ಬೇಕು. ಎಲ್ಲ ಸೇರಿಸಿ, ನೆರಳಿನಲ್ಲಿ ಒಣಗಿಸಿ, ವೃತ್ತವಾಗಿ ಹರಡಿ ನಾಲ್ಕು ಭಾಗ ಮಾಡಿ ಎದುರುಬದುರು ಎರಡು ಭಾಗ ಚೆಲ್ಲಬೇಕು. ಅರ್ಧ ಕೆಜಿ ಉಳಿಯುವವರೆಗೆ ಹೀಗೆ ಮಾಡಬೇಕು. ತಗಡಿನ ಬಕೆಟ್ ಬಳಸಿದರೆ ಅದರ ಸತು ಮಣ್ಣಿಗೆ ಸೇರುತ್ತದೆ. ಯೂರಿಯಾದ ಖಾಲಿ ಚೀಲದ ಮೇಲೆ ಒಣಗಿಸಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಟೊಮೆಟೊ ಹೊಲದಲ್ಲಿ ಇನ್ನೊಂದು ತಕರಾರಿದೆ. ಗೊಬ್ಬರವೆಲ್ಲ ಸಾಲಿನ ಮೇಲೆ ಬಿದ್ದಿರುತ್ತದೆ, ನಡುವಿನ ಜಾಗ ಖಾಲಿ. ಸಾಲಿನಿಂದಲೇ ತೆಗೆದರೆ ರಂಜಕ ಆಕಾಶಕ್ಕೆ, ನಡುವಿನಿಂದಲೇ ತೆಗೆದರೆ ಪಾತಾಳಕ್ಕೆ. ಬೆಳೆ ಮುಗಿದು ಒಂದೆರಡು ಉಳುಮೆ ಆದ ಮೇಲೆ ತೆಗೆಯುವುದೇ ಸರಿ.

ಚೀಟಿಯ ಅಂಕಿ ಅನುಮಾನ ಅನಿಸಿದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಬಹುದು, ಇಲ್ಲವೇ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ನಿಮ್ಮದೇ ಮಣ್ಣು ಕೊಟ್ಟು ವಿಚಾರಿಸಬಹುದು. ಕೋಲಾರದವರಿಗೆ ಟಮಕ, ಚಿಕ್ಕಬಳ್ಳಾಪುರದವರಿಗೆ ಚಿಂತಾಮಣಿಯ ಕುರುಬೂರು, ತುಮಕೂರಿನವರಿಗೆ ಹಿರೇಹಳ್ಳಿ ಮತ್ತು ತಿಪಟೂರಿನ ಕೊನೇಹಳ್ಳಿ.

ಮುಂದಿನ ಪರೀಕ್ಷೆಗೆ ಪ್ರತಿ ವರ್ಷ ಓಡಬೇಕಿಲ್ಲ, ಎರಡು ಮೂರು ವರ್ಷ ಬಿಟ್ಟು ಮಾಡಿಸಿದರೆ ಸಾಕು. ರಾಗಿ ಕೊಯ್ದ ಮೇಲೆ, ಮುಂದಿನ ಗೊಬ್ಬರ ಬೀಳುವ ಮೊದಲು, ಅದೇ ರೀತಿ ಅದೇ ಆಳದಲ್ಲಿ ತೆಗೆಯಬೇಕು. ಆಗ ಇಂಗಾಲ 0.37 ಬಂದರೂ 0.45 ಬಂದರೂ ಮಣ್ಣು ಇದ್ದಲ್ಲೇ ಇದೆ ಎಂದರ್ಥ. ಸಾರಜನಕ ಮತ್ತೆ ಕಡಿಮೆ ಎಂದೇ ಬರುತ್ತದೆ. ರಂಜಕದ 42 ಸ್ವಲ್ಪ ಇಳಿದಿರಬಹುದು, ಅಥವಾ ಅಲ್ಲೇ ನಿಂತಿರಬಹುದು. ಜಾಸ್ತಿಯ ಗೆರೆಯ ಮೇಲೆಯೇ ಇದ್ದರೆ ಆ ವರ್ಷವೂ ಸೂಪರ್ ಒಂದೂವರೆ ಚೀಲ ದಾಟಬೇಕಿಲ್ಲ.